ಯಡಿಯೂರು ಕೆರೆ ಹತ್ತಿರದ ನಿಮ್ಮ ಬಾಡಿಗೆ ಮನೆ ವಿಚಾರ

5 ಏಪ್ರಿಲ್ 2026, ಮೈಸೂರು

ನಮಸ್ಕಾರ ಸರ್,

ಯಡಿಯೂರು ಕೆರೆ ಹತ್ತಿರದ ನಿಮ್ಮ ಮನೆಯ ಜಾಹೀರಾತು ನಿನ್ನೆ ರಾತ್ರಿ ನೋಡಿದೆ. ಎರಡನೇ ಮಹಡಿ, ಎರಡು ಬೆಡ್‌ರೂಮ್, ಬಾಡಿಗೆ 28,000, ಅಡ್ವಾನ್ಸ್ 'ಮಾತಾಡೋಣ' ಅಂತ ಹಾಕಿದ್ದೀರಲ್ಲ, ಅದು. ಕೆಳಗೆ "ಬ್ರೋಕರ್‌ಗಳು ಬೇಡ. ಫೋನ್ ಮಾಡುವ ಮೊದಲು ನಿಮ್ಮ ಬಗ್ಗೆ ಬರೆದು ಕಳಿಸಿ" ಅಂತಲೂ ಇತ್ತು. ನನಗೂ ಅದೇ ಒಳ್ಳೆಯದು. ಫೋನಿನಲ್ಲಿ ಅರ್ಧ ಕೇಳಿ ಅರ್ಧ ಮರೆಯುತ್ತೇನೆ. ಸ್ವಲ್ಪ ಉದ್ದ ಆಗಿದೆ, ಬಿಡುವಾದಾಗ ಓದಿ.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ನನ್ನ ಹೆಸರು ಸವಿತಾ. ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಆರು ವರ್ಷದಿಂದ ಮೈಸೂರಿನ ಕುವೆಂಪುನಗರದಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಈಗ ಎಲೆಕ್ಟ್ರಾನಿಕ್ ಸಿಟಿ ಆಫೀಸಿಗೆ ವರ್ಗ ಆಗಿದೆ, ಜೂನ್ 1ಕ್ಕೆ ಅಲ್ಲಿರಬೇಕು. ಮನೆಯಲ್ಲಿ ಇರುವವರು ಮೂರೇ ಜನ: ನಾನು, ನನ್ನ ತಾಯಿ, ಮೂರನೇ ಕ್ಲಾಸಿಗೆ ಹೋಗುವ ಮಗಳು. ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದಾರೆ, ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾರೆ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಮನೆ ನೋಡಲು ಹೋದ ಕಡೆಯಲ್ಲೆಲ್ಲ "ಯಜಮಾನರು ಎಲ್ಲಿ?" ಅನ್ನೋದೇ ಮೊದಲ ಪ್ರಶ್ನೆ.

ಇನ್ನೊಂದು ವಿಷಯ. ನಮ್ಮದು ಕುಂದಾಪುರ ಕಡೆ. ವಾರಕ್ಕೊಂದು ದಿನ ಮನೆಯಲ್ಲಿ ಮೀನು ಸಾರು ಆಗುತ್ತದೆ. ನಿಮಗೋ ಪಕ್ಕದವರಿಗೋ ಅದು ಆಗಿಬರುವುದಿಲ್ಲ ಅಂದರೆ ದಯವಿಟ್ಟು ಈಗಲೇ ಒಂದು ಸಾಲು ಬರೆದುಬಿಡಿ. ಖಂಡಿತ ಬೇಜಾರಿಲ್ಲ. ಕದ್ದುಮುಚ್ಚಿ ಬಂಗುಡೆ ಹುರಿಯುವ ವಯಸ್ಸಲ್ಲ ನಮ್ಮಮ್ಮನದು.

ಈಗ ಬಾಡಿಗೆ. 28,000 ಅಂದರೆ ಮೇಂಟೆನೆನ್ಸ್ ಸೇರಿಯೋ, ಬೇರೆಯೋ? ಬೇರೆ ಅಂದರೆ ತಿಂಗಳಿಗೆ ಎಷ್ಟು, ಅದರಲ್ಲಿ ನೀರು, ಲಿಫ್ಟು, ಮೆಟ್ಟಿಲು ಗುಡಿಸುವವರ ದುಡ್ಡು ಎಲ್ಲ ಬಂತಾ? ನನ್ನ ಲೆಕ್ಕದಲ್ಲಿ ಎಲ್ಲ ಸೇರಿ 28,000 ದಾಟದಿದ್ದರೆ ಅನುಕೂಲ. ಬಾಡಿಗೆಯನ್ನು 26,000ಕ್ಕೆ ಇಳಿಸಿ, ಮೇಂಟೆನೆನ್ಸ್ ಬೇರೆ ತೆಗೆದುಕೊಂಡರೂ ಸರಿ. ಚೌಕಾಸಿ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಅಂದುಕೊಂಡರೂ ತಪ್ಪಿಲ್ಲ ಬಿಡಿ, ಸ್ವಲ್ಪ ಅದೇ. ಪ್ರತಿ ತಿಂಗಳು 3ನೇ ತಾರೀಕಿನೊಳಗೆ ನಿಮ್ಮ ಖಾತೆಗೆ ಹಾಕುತ್ತೇನೆ. ನಗದು ಆಗುವುದಿಲ್ಲ, ಯಾಕೆಂದರೆ ಆಫೀಸಿನಲ್ಲಿ ಮನೆ ಬಾಡಿಗೆ ಭತ್ಯೆಗೆ ಅಗ್ರಿಮೆಂಟ್ ಜೊತೆ ನಿಮ್ಮ ಪ್ಯಾನ್ ನಂಬರ್ ಕೂಡ ಕೊಡಬೇಕು. ಅದಕ್ಕೆ ನಿಮ್ಮ ಒಪ್ಪಿಗೆ ಇದೆಯಾ? ವರ್ಷ ವರ್ಷ ಎಷ್ಟು ಏರಿಸುತ್ತೀರಿ? ಇಲ್ಲಿ ನಾವು ಶೇಕಡಾ 5 ಕೊಡುತ್ತಾ ಬಂದಿದ್ದೇವೆ.

ಅಡ್ವಾನ್ಸ್ ವಿಷಯ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿ ನನಗೆ ಗೊತ್ತು. ಮದುವೆಗೆ ಮುಂಚೆ ನಾನೂ ಅಲ್ಲಿದ್ದವಳೇ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ. ಅದು ಬರೀ ಮಾದರಿ, ಅದನ್ನು ಹಿಡಿದುಕೊಂಡು ವಾದ ಮಾಡಲು ನಾನು ಬಂದಿಲ್ಲ. ಆದರೆ ಹತ್ತು ತಿಂಗಳು ಅಂದರೆ 2,80,000 ಆಯಿತು. ನನ್ನ ಕೈಯಲ್ಲಿ ಈಗ ಇರುವುದು ಒಂದೂವರೆ ಲಕ್ಷ. ಇಲ್ಲಿನ ಮನೆಗೆ ಕೊಟ್ಟಿರುವ ಅಡ್ವಾನ್ಸ್ ವಾಪಸ್ ಬರುವುದು ಬೀಗದ ಕೈ ಕೊಟ್ಟ ಮೇಲೆ. ಆದ್ದರಿಂದ ಐದು ತಿಂಗಳು, ಅಂದರೆ 1,40,000ಕ್ಕೆ ಒಪ್ಪುತ್ತೀರಾ? ಆಗದಿದ್ದರೆ ಇನ್ನೊಂದು 28,000 ಜೂನ್ ಕೊನೆಗೆ ಸೇರಿಸಿ ಕೊಡಬಲ್ಲೆ. ಅದಕ್ಕಿಂತ ಜಾಸ್ತಿ ಅಂದರೆ ನನ್ನಿಂದ ಆಗದು.

ಮನೆ ಬಿಡುವಾಗ ಎಷ್ಟು ಹಿಡಿಯುತ್ತೀರಿ ಅನ್ನುವುದನ್ನೂ ಈಗಲೇ ತಿಳಿಸಿದರೆ ಒಳ್ಳೆಯದು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ನನಗೆ ಒಪ್ಪಿಗೆ. ಹಿಂದೊಮ್ಮೆ ಒಂದು ಮನೆಯಲ್ಲಿ ಪೇಂಟಿಂಗ್ ದುಡ್ಡು ಹಿಡಿದ ಮೇಲೆ, ನಲ್ಲಿ, ಸೊಳ್ಳೆ ಪರದೆ, ಬಾಗಿಲ ಚಿಲಕ ಅಂತ ಒಂದೊಂದೇ ಚೀಟಿ ಹೊರಗೆ ಬಂತು. ಆ ಚಿಲಕ ನಾವು ಹೋಗುವಾಗಲೇ ಮುರಿದಿತ್ತು. ಅದಕ್ಕೇ ಈಗ ಬೀಗದ ಕೈ ಕೈಗೆ ಬಂದ ದಿನವೇ ಮನೆಯೆಲ್ಲ ವಿಡಿಯೋ ತೆಗೆದು ಓನರಿಗೂ ಒಂದು ಕಳಿಸುತ್ತೇನೆ. ನಿಮಗೂ ಕಳಿಸುತ್ತೇನೆ, ತಪ್ಪು ತಿಳಿಯಬೇಡಿ.

ಮನೆ ಯಾವಾಗ ಖಾಲಿ ಆಗುತ್ತದೆ? ಜಾಹೀರಾತಿನಲ್ಲಿ 'ಮೇ' ಅಂತ ಮಾತ್ರ ಇದೆ. ನನಗೆ ಕೆಲಸ ಶುರು ಜೂನ್ 1ಕ್ಕೆ. ಆದರೆ ಈ ಸಲ ಮೇ 16 ಅಮಾವಾಸ್ಯೆ, 17ರಿಂದ ಅಧಿಕ ಜ್ಯೇಷ್ಠ. ಅದು ಜೂನ್ ಮಧ್ಯದವರೆಗೆ ಇರುತ್ತದೆ. ಅಧಿಕ ಮಾಸದಲ್ಲಿ ಹಾಲು ಉಕ್ಕಿಸಲು ನಮ್ಮಮ್ಮ ಸುತರಾಂ ಒಪ್ಪುವುದಿಲ್ಲ. ನಾನೇ ಕ್ಯಾಲೆಂಡರ್ ಮುಚ್ಚಿಟ್ಟರೂ ಅವರಿಗೆ ಎಲ್ಲ ಬಾಯಲ್ಲೇ ಇದೆ. ಹಾಗಾಗಿ ಮೇ 14ರೊಳಗೆ ಒಂದು ಬೆಳಿಗ್ಗೆ ಬಂದು ಹಾಲು ಉಕ್ಕಿಸಿ, ಒಂದು ಕೊಡ, ಒಂದು ದೀಪ ಇಟ್ಟು ಹೋಗುತ್ತೇವೆ. ಸಾಮಾನು ತರುವುದು 24ರ ಭಾನುವಾರ. ಬಾಡಿಗೆಯನ್ನು ಮೇ 15ರಿಂದಲೇ ಲೆಕ್ಕ ಹಾಕಿ. ಈಗಿರುವವರು ಅಷ್ಟರೊಳಗೆ ಬಿಡುತ್ತಾರಾ, ಅವರು ಬಿಟ್ಟ ಮೇಲೆ ಸುಣ್ಣಬಣ್ಣಕ್ಕೆ ನಿಮಗೆ ಎಷ್ಟು ದಿನ ಬೇಕು? ನಾನು ಇಲ್ಲಿ ಒಂದು ತಿಂಗಳ ನೋಟಿಸ್ ಕೊಡಬೇಕು. ಏಪ್ರಿಲ್ 20ರೊಳಗೆ ಹೌದು ಅಥವಾ ಇಲ್ಲ ಅಂತ ಗೊತ್ತಾದರೆ ನನಗೆ ದೊಡ್ಡ ಉಪಕಾರ.

ನೀರಿನ ಬಗ್ಗೆ ಒಂದು ಮಾತು. ನೀವು ಹಾಕಿರುವ ಬಾತ್‌ರೂಮ್ ಫೋಟೋದಲ್ಲಿ ಮೂಲೆಗೆ ಒಂದು ದೊಡ್ಡ ನೀಲಿ ಡ್ರಮ್ ಇದೆ, ಅದರ ಮೇಲೆ ಒಂದು ಚೊಂಬು. ಈಗಿರುವವರ ಅಭ್ಯಾಸವೋ, ನೀರಿನ ತಾಪತ್ರಯವೋ? ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಬೋರ್‌ವೆಲ್ ಇದೆಯಾ? 2024ರ ಬೇಸಿಗೆಯಲ್ಲಿ ಅಷ್ಟೊಂದು ಪರದಾಟ ಆಯಿತಲ್ಲ, ಆಗ ನಿಮ್ಮ ಬಿಲ್ಡಿಂಗಿನಲ್ಲಿ ಟ್ಯಾಂಕರ್ ತರಿಸಿದಿರಾ, ಆ ಖರ್ಚು ಯಾರ ಮೇಲೆ ಬಿತ್ತು? ಕರೆಂಟ್ ಮೀಟರ್ ಈ ಮನೆಗೆ ಪ್ರತ್ಯೇಕ ಇದೆ ಅಂದುಕೊಂಡಿದ್ದೇನೆ. ಈಗಿರುವವರು ಅದಕ್ಕೆ ಗೃಹಜ್ಯೋತಿ ಮಾಡಿಸಿಕೊಂಡಿದ್ದರೆ, ಹೋಗುವ ಮುಂಚೆ ಅವರ ಆಧಾರ್ ಡೀಲಿಂಕ್ ಮಾಡಿಸಿ ಹೋಗಲು ಹೇಳಿ. ಆಮೇಲೆ ಅವರನ್ನು ಹುಡುಕುತ್ತಾ ಅಲೆಯುವುದು ಬೇಡ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಅಕ್ಕಪಕ್ಕ ಯಾರಿದ್ದಾರೆ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಅಮ್ಮನಿಗೆ 71 ವರ್ಷ, ಮಂಡಿ ನೋವು. ಕಳೆದ ದೀಪಾವಳಿ ಮುಗಿದ ವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬಟ್ಟೆ ನೆನೆಸಲು ಹೋಗಿ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ನಾನು ಆಫೀಸಿನಲ್ಲಿದ್ದೆ. ಮೊಬೈಲ್ ಅಡುಗೆಮನೆ ಕಟ್ಟೆ ಮೇಲಿತ್ತು. ಅವರು ಕೂಗಲಿಲ್ಲ, ಕೂಗಲು ನಾಚಿಕೆ ಅಂತೆ! ಕೈಗೆ ಸಿಕ್ಕ ಸ್ಟೀಲ್ ಮಗ್ಗಿನಿಂದ ಬಕೆಟ್ ಬಡಿಯುತ್ತಾ ಕೂತರು. ಎದುರು ಮನೆಯ ಟೀಚರಮ್ಮ ರಿಟೈರ್ ಆಗಿ ಮನೆಯಲ್ಲೇ ಇರುವವರು, ಸದ್ದು ಕೇಳಿ ಬಂದರು. ನಮ್ಮ ಮನೆಯ ಒಂದು ಬೀಗದ ಕೈ ಅವರ ಹತ್ತಿರ ಇರುತ್ತದೆ. ಬಾಗಿಲು ತೆಗೆದು, ಅಮ್ಮನಿಗೆ ಒಣ ಸೀರೆ ಸುತ್ತಿ, ಆಟೋ ತರಿಸಿ, ಆಮೇಲೆ ನನಗೆ ಫೋನ್ ಮಾಡಿದರು. ದೇವರ ದಯೆ, ಮೂಳೆಗೆ ಏನೂ ಆಗಿರಲಿಲ್ಲ. ಅವತ್ತಿನಿಂದ ಯಾವ ಮನೆ ನೋಡಿದರೂ ನಾನು ಮೊದಲು ನೋಡುವುದು ಎದುರಿನ ಬಾಗಿಲು.

ನಾನು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಏಳು. ಮಗಳು ಮೂರೂವರೆಗೆ ಬರುತ್ತಾಳೆ. ಅಲ್ಲಿಯವರೆಗೆ ಅಮ್ಮ ಒಬ್ಬರೇ. ಆದ್ದರಿಂದ ನಿಮ್ಮ ಬಿಲ್ಡಿಂಗಿನಲ್ಲಿ ಹಗಲು ಹೊತ್ತು ಮನೆಯಲ್ಲಿರುವವರು ಯಾರಾದರೂ ಇದ್ದಾರಾ? ನೀವೇ ಕೆಳಗಿನ ಮನೆಯಲ್ಲಿರುತ್ತೀರಾ, ಇಲ್ಲ ಬೇರೆ ಕಡೆಯಾ? ಎರಡನೇ ಮಹಡಿಯಲ್ಲಿ ಇನ್ನೊಂದು ಮನೆ ಇದ್ದರೆ ಅಲ್ಲಿ ಸಂಸಾರಸ್ಥರಾ, ಕೆಲಸಕ್ಕೆ ಹೋಗುವ ಹುಡುಗರಾ? ಹುಡುಗರಾದರೂ ನನಗೇನೂ ತಕರಾರಿಲ್ಲ, ಹಗಲು ಬೀಗ ಹಾಕಿರುತ್ತದೆ ಅಂತ ಗೊತ್ತಿದ್ದರೆ ಸಾಕು. ಯಾರ ಜಾತಿ, ಊರು, ಮನೆಯ ಒಳವಿಚಾರ ಏನೂ ನನಗೆ ಬೇಡ. ಒಂದು ಸದ್ದಿಗೆ ಬಾಗಿಲು ತೆಗೆಯುವವರು ಒಬ್ಬರು ಇದ್ದಾರಾ ಅನ್ನುವುದು ಬೇಕು. ಕನ್ನಡದವರೇ ಆಗಬೇಕು ಅಂತಲೂ ಇಲ್ಲ. ಅಮ್ಮ ಕುಂದಾಪುರದ ಕನ್ನಡದಲ್ಲೇ ಇಲ್ಲಿನ ಮಾರ್ವಾಡಿ ಅಂಗಡಿಯವರ ಹತ್ತಿರ ಹರಟೆ ಹೊಡೆಯುತ್ತಾರೆ, ಅವರಿಗೆ ಅರ್ಥ ಆಗುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಗಳ ವಯಸ್ಸಿನ ಮಕ್ಕಳು ಬೀದಿಯಲ್ಲಿದ್ದರೆ ಇನ್ನೂ ಸಂತೋಷ. ಅಕ್ಕಪಕ್ಕ ಪಿ.ಜಿ. ಅಥವಾ ಕಲ್ಯಾಣ ಮಂಟಪ ಇದ್ದರೆ ಅದನ್ನೂ ಹೇಳಿ. ವಾಲಗದ ಸದ್ದಿಗೆ ಅಲ್ಲ, ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯುವ ಸದ್ದಿಗೆ ಮಗಳಿಗೆ ಎಚ್ಚರ ಆಗುತ್ತದೆ.

ಲಿಫ್ಟ್ ಇದೆ ಅಂತ ಬರೆದಿದ್ದೀರಿ. ಕರೆಂಟ್ ಹೋದಾಗ ಓಡುತ್ತದಾ? ಓಡದಿದ್ದರೂ ಪರವಾಗಿಲ್ಲ, ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದ್ದರೆ ಅಮ್ಮ ನಿಧಾನವಾಗಿ ಹತ್ತುತ್ತಾರೆ. ಬಾತ್‌ರೂಮಿನ ಗೋಡೆಗೆ ಎರಡು ಹಿಡಿಕೆ ಹಾಕಿಸಲು ನಿಮ್ಮ ಅನುಮತಿ ಬೇಕು, ಖರ್ಚು ನಮ್ಮದೇ. ಮನೆಯಿಂದ ಆರ್.ವಿ. ರಸ್ತೆ ಮೆಟ್ರೋ ನಿಲ್ದಾಣಕ್ಕೆ ನಡೆದರೆ ಎಷ್ಟು ನಿಮಿಷ? ಕಳೆದ ಆಗಸ್ಟಿನಲ್ಲಿ ಅಲ್ಲಿಂದ ಹಳದಿ ಮಾರ್ಗ ಶುರುವಾಗಿದ್ದಕ್ಕೇ ನಾನು ಆ ಕಡೆ ಮನೆ ಹುಡುಕುತ್ತಿರುವುದು. ಇಲ್ಲದಿದ್ದರೆ ಸಿಲ್ಕ್ ಬೋರ್ಡ್ ದಾಟಿ ದಿನಾ ಓಡಾಡುವ ಧೈರ್ಯ ನನಗಿಲ್ಲ. ನಮ್ಮ ಹತ್ತಿರ ಕಾರಿಲ್ಲ, ಒಂದು ಸ್ಕೂಟರ್ ಇದೆ. ಅದಕ್ಕೆ ಜಾಗ ಸಿಕ್ಕರೆ ಸಾಕು.

ಇಲ್ಲಿಯ ಓನರ್ ನಮ್ಮ ಬಗ್ಗೆ ಹೇಳಲು ಒಪ್ಪಿದ್ದಾರೆ. ನೀವು ಕೇಳಿದರೆ ಅವರ ನಂಬರ್ ಕಳಿಸುತ್ತೇನೆ. ಅಗ್ರಿಮೆಂಟ್ 11 ತಿಂಗಳದ್ದು ಮಾಡೋಣ, ಆದರೆ ಮಗಳ ಶಾಲೆಗಾಗಿ ಮೂರು ವರ್ಷವಾದರೂ ಅಲ್ಲೇ ಇರುವ ಆಸೆ. ನಿಮ್ಮ ಮಕ್ಕಳಿಗೆ ಅಂತ ಮನೆ ಬೇಗ ಬೇಕಾಗುವ ಹಾಗಿದ್ದರೆ ಅದನ್ನೂ ತಿಳಿಸಿ.

ನಿಮಗೆ ಸರಿ ಅನಿಸಿದರೆ ಬರುವ ಭಾನುವಾರ, 12ನೇ ತಾರೀಕು, ಬೆಳಗಿನ ರೈಲಿಗೆ ಹೊರಟು ಹನ್ನೊಂದು ಗಂಟೆಗೆ ಮನೆ ನೋಡಲು ಬರುತ್ತೇನೆ. ಅಮ್ಮನೂ ಬರುತ್ತಾರೆ. ಎದುರು ಮನೆಯವರು ಆ ಹೊತ್ತಿಗೆ ಇದ್ದರೆ ಒಂದು ನಿಮಿಷ ಪರಿಚಯ ಮಾಡಿಸಿಕೊಡಿ. ಅಷ್ಟರೊಳಗೆ ಬೇರೆ ಯಾರಿಗಾದರೂ ಮಾತು ಕೊಟ್ಟಿದ್ದರೆ ಇದೇ ನಂಬರಿಗೆ ಒಂದು ಮೆಸೇಜ್ ಹಾಕಿಬಿಡಿ, ಟಿಕೆಟ್ ಕ್ಯಾನ್ಸಲ್ ಮಾಡುತ್ತೇನೆ.

ವಂದನೆಗಳು,
ಸವಿತಾ
ಕುವೆಂಪುನಗರ, ಮೈಸೂರು

(ಸಂಜೆ ಏಳರ ಮೇಲೆ ಫೋನ್ ಮಾಡಬಹುದು. ಹಗಲು ಮಾಡಿದರೆ ಅಮ್ಮ ಎತ್ತುತ್ತಾರೆ, ಆಮೇಲೆ ಅರ್ಧ ಗಂಟೆ ನಿಮ್ಮನ್ನು ಬಿಡುವುದಿಲ್ಲ.)