ಜಯಕ್ಕನಿಗೆ: ಚಿನ್ನುಗೆ ಭೇದಿ ಇದೆ, ಇದನ್ನು ಓದಿಕೊಳ್ಳಿ

ಜಯಕ್ಕ, ನಿನ್ನೆ ಸಂಜೆಯಿಂದ ಚಿನ್ನುಗೆ ಲೂಸ್ ಮೋಷನ್. ರಾತ್ರಿ ಡಾಕ್ಟರಿಗೆ ತೋರಿಸಿಕೊಂಡು ಬಂದೆವು, ಮನೆಯಲ್ಲೇ ನೋಡಿಕೊಳ್ಳಬಹುದು ಅಂದರು. ಇವತ್ತು ಆಡಿಟ್ ಇರುವುದರಿಂದ ರಜೆ ಹಾಕೋಕೆ ಆಗಲಿಲ್ಲ. ನೀವು ಬಂದು ಇನ್ನೂ ಒಂದು ವಾರವೂ ಆಗಿಲ್ಲ, ಬಾಯಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ ಅಂತ ಬರೆದಿಟ್ಟಿದ್ದೇನೆ.

ಭೇದಿ ನಿಲ್ಲಿಸೋದು ನಮ್ಮ ಕೆಲಸ ಅಲ್ಲ, ಅದು ತಾನಾಗಿ ನಿಲ್ಲುತ್ತೆ. ಮೈಯಿಂದ ಹೋದ ನೀರನ್ನು ವಾಪಸ್ ತುಂಬೋದು ಮಾತ್ರ ನಮ್ಮ ಕೆಲಸ. ಅಡುಗೆಮನೆ ಶೆಲ್ಫಿನಲ್ಲಿ ಓಆರ್‌ಎಸ್ ಪುಡಿಯ ಚಿಕ್ಕ ಪ್ಯಾಕೆಟ್‌ಗಳಿವೆ. ಒಂದು ಪ್ಯಾಕೆಟ್‌ಗೆ ಸರಿಯಾಗಿ 200 ಎಂಎಲ್ ಕಾಯಿಸಿ ಆರಿಸಿದ ನೀರು. ಅಳತೆಗೆ ಅವಳ ಹಾಲಿನ ಬಾಟಲಿಯ ಗೆರೆ ನೋಡಿ, ಕಣ್ಣಂದಾಜು ಬೇಡ. ಅರ್ಧ ಪ್ಯಾಕೆಟ್ ಹಾಕೋದು, ಮೇಲೆ ಸಕ್ಕರೆ ಸೇರಿಸೋದು, ಹಾಲಿನಲ್ಲಿ ಕಲಸೋದು ಯಾವುದೂ ಬೇಡ. ಕಲಸಿದ್ದು ಸಂಜೆಗೆ ಉಳಿದರೆ ಚೆಲ್ಲಿಬಿಡಿ.

ಪ್ರತಿ ಸಲ ನೀರುನೀರಾಗಿ ಕಕ್ಕ ಮಾಡಿದ ಮೇಲೆ 50ರಿಂದ 100 ಎಂಎಲ್ ಕುಡಿಸಿ. ಒಂದೇ ಸಲಕ್ಕೆ ಸುರಿಯಬೇಡಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ. ಅವಳು ಮೊದಲ ಎರಡು ಚಮಚ ಉಗೀತಾಳೆ, ಮುಖ ಕಿವುಚ್ತಾಳೆ, ಸೋಲಬೇಡಿ. ಬಾಲ್ಕನಿಗೆ ಕರೆದುಕೊಂಡು ಹೋಗಿ ಅಳಿಲು ತೋರಿಸಿದರೆ ಬಾಯಿ ತೆರೀತಾಳೆ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, ಆಗ ಎರಡು ಮೂರು ನಿಮಿಷಕ್ಕೊಂದು ಚಮಚ ಸಾಕು.

ಊಟ ನಿಲ್ಲಿಸಬೇಡಿ. ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುತ್ತೆ ಅಂತ ನಮ್ಮತ್ತೆ ಫೋನ್ ಮಾಡಿ ಹೇಳಬಹುದು, ಹ್ಞೂಂ ಅಂದು ಸುಮ್ಮನಿದ್ದುಬಿಡಿ. ಮೊಸರನ್ನ, ಬೇಳೆ ಹಾಕಿದ ಮೆತ್ತನೆ ಅನ್ನ, ಬಾಳೆಹಣ್ಣು ಏನು ತಿಂದರೂ ಸರಿ, ಎರಡೇ ತುತ್ತಾದರೂ ಸರಿ. ಎಳನೀರು ಕೊಡಬಹುದು, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಪ್ಯಾಕೆಟ್ ಜ್ಯೂಸು, ಗ್ಲೂಕೋಸ್ ನೀರು, ಟೀ ಬೇಡವೇ ಬೇಡ, ಸಿಹಿ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತೆ. ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸೋ ಮಾತ್ರೆ ತರಬೇಡಿ, ಅದು ಮಕ್ಕಳಿಗೆ ಅಪಾಯ. ಝಿಂಕ್ ಬೆಳಿಗ್ಗೆ ನಾನೇ ಕೊಟ್ಟಿದ್ದೇನೆ, ದಿನಕ್ಕೆ ಒಂದೇ ಸಲ.

ಫ್ರಿಜ್ ಮೇಲಿರುವ ಪುಸ್ತಕದಲ್ಲಿ ಕಕ್ಕ, ಸುಸು, ವಾಂತಿ ಎಲ್ಲಕ್ಕೂ ಟೈಮ್ ಬರೆಯಿರಿ. ಸುಸು ಲೆಕ್ಕವೇ ಮುಖ್ಯ. ಡೈಪರಿನಲ್ಲಿ ನೀರು ಭೇದಿಯ ಜೊತೆ ಸುಸು ಗೊತ್ತಾಗೋದಿಲ್ಲ, ಅದಕ್ಕೆ ಇವತ್ತು ಹಳೇ ಪಂಚೆ ಹರಿದು ಮಾಡಿದ ಬಟ್ಟೆಗಳನ್ನೇ ಕಟ್ಟಿ, ಬುಟ್ಟಿಯಲ್ಲಿವೆ. ಒಗೆಯೋದು ನಾನು ಬಂದು ನೋಡಿಕೊಳ್ಳುತ್ತೇನೆ. ಪ್ರತಿ ಸಲ ತೊಳೆಸಿದ ಮೇಲೆ, ಅವಳಿಗೆ ತಿನ್ನಿಸುವ ಮುಂಚೆ, ಸೋಪು ಹಾಕಿ ಕೈ ತೊಳೆಯಿರಿ. ಇಲ್ಲದಿದ್ದರೆ ನಿಮಗೂ ಅಂಟುತ್ತೆ.

ಈಗ ಹೇಳೋದನ್ನು ಎರಡು ಸಲ ಓದಿ. ಕಕ್ಕದಲ್ಲಿ ರಕ್ತ ಕಂಡರೆ, ಆರು ಗಂಟೆಯಾದರೂ ಸುಸು ಮಾಡದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಬಾಯಿ ನಾಲಿಗೆ ಒಣಗಿದ್ದರೆ, ಕಣ್ಣು ಗುಳಿ ಬಿದ್ದ ಹಾಗಿದ್ದರೆ, ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ, ಜ್ವರ 102 ದಾಟಿದರೆ ತಕ್ಷಣ ಆಸ್ಪತ್ರೆ. ಹೊಟ್ಟೆಯ ಪಕ್ಕದ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಡಿ, ಕೂಡಲೇ ಮೊದಲಿನ ಹಾಗೆ ಆಗಬೇಕು, ಮಡಿಕೆ ಹಾಗೇ ನಿಧಾನಕ್ಕೆ ಇಳಿದರೆ ನೀರು ತುಂಬಾ ಹೋಗಿದೆ ಅಂತ ಅರ್ಥ. ಇನ್ನೊಂದು, ಅವಳು ಸುಸ್ತಾಗಿ ಮಲಗಿದ್ದಾಳೆ ಪಾಪ ಅಂತ ಬಿಡಬೇಡಿ. ಆಗಾಗ ಎಬ್ಬಿಸಿ ನೋಡಿ. ಕರೆದರೆ ಕಣ್ಣು ಬಿಟ್ಟು ನಿಮ್ಮನ್ನು ನೋಡಬೇಕು, ಚಮಚ ತಂದರೆ ನುಂಗಬೇಕು. ಎಬ್ಬಿಸಿದರೂ ಏಳದಿದ್ದರೆ, ಕುಡಿಯೋಕೇ ಆಗದಿದ್ದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ. ಹಲ್ಲು ಬರ್ತಿರೋದಕ್ಕೆ ಹೀಗೆ ಅಂತ ಯಾರಾದರೂ ಹೇಳಿದರೆ ಆ ಮಾತು ನಂಬಿ ಕೂರಬೇಡಿ. ದೃಷ್ಟಿ ತೆಗೆಯೋದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ತೆಗೆಯೋಣ.

ನಾನು ಮಂಡ್ಯದಲ್ಲಿರುತ್ತೇನೆ, ಅಲ್ಲಿಂದ ಮೈಸೂರಿಗೆ ಬರೋಕೆ ಒಂದು ಗಂಟೆಗೂ ಜಾಸ್ತಿ ಬೇಕು, ಮೀಟಿಂಗಿನಲ್ಲಿದ್ದರೆ ಫೋನೂ ತೆಗೆಯದೇ ಇರಬಹುದು. ಹಾಗಾಗಿ ನನ್ನನ್ನು ಕೇಳಿಯೇ ಹೋಗಬೇಕು ಅಂತ ಕಾಯಬೇಡಿ. ಕೆಳಗಿನ ಮನೆ ಸುಧಾ ಆಂಟಿಗೆ ಹೇಳಿದ್ದೇನೆ, ಅವರು ಜೊತೆಗೆ ಬರುತ್ತಾರೆ. ಆಟೋ ಹಿಡಿದು ಸೀದಾ ಚೆಲುವಾಂಬ ಆಸ್ಪತ್ರೆಗೆ ಹೋಗಿ, ದಾರಿಯಲ್ಲಿ ಚಮಚದಿಂದ ಕುಡಿಸ್ತಾ ಇರಿ, ಆಮೇಲೆ ನನಗೆ ಫೋನ್ ಮಾಡಿ. ಏನೂ ಇಲ್ಲ ಅಂತ ಡಾಕ್ಟರ್ ವಾಪಸ್ ಕಳಿಸಿದರೂ ನಾನು ಒಂದು ಮಾತೂ ಅನ್ನೋದಿಲ್ಲ. ಟಿವಿ ಕೆಳಗಿನ ಡ್ರಾಯರಿನಲ್ಲಿ ದುಡ್ಡು, ಡಾಕ್ಟರ್ ಚೀಟಿ, ಲಸಿಕೆ ಕಾರ್ಡು ಒಂದೇ ಕವರಿನಲ್ಲಿವೆ.

ಹನ್ನೊಂದಕ್ಕೂ ಎರಡಕ್ಕೂ ನಾನೇ ಫೋನ್ ಮಾಡುತ್ತೇನೆ. ನಿಮಗೆ ಚಿತ್ರಾನ್ನ ಮಾಡಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಊಟ ಮಾಡಿ.

ರೇಖಾ