ನಿರ್ವಹಣಾ ಶುಲ್ಕ ಹಾಗೂ ಸಿಂಕಿಂಗ್ ಫಂಡ್ ವಂತಿಗೆಯ ಪರಿಷ್ಕರಣೆ: ಫ್ಲ್ಯಾಟ್ ಮಾಲೀಕರ ಗಮನಕ್ಕೆ

ನಿವಾಸಿಗಳ ಸಂಘ, ಮಡಿಕೇರಿ
ದಿನಾಂಕ: 22 ಆಗಸ್ಟ್ 2025

ಮಾನ್ಯ ಸದಸ್ಯರೇ,

ಇದೇ ಆಗಸ್ಟ್ 17ರ ಭಾನುವಾರ ನಡೆದ ಸರ್ವಸದಸ್ಯರ ಸಭೆಗೆ ನಮ್ಮ 36 ಫ್ಲ್ಯಾಟ್‌ಗಳ ಪೈಕಿ 27ರ ಮಾಲೀಕರು ಹಾಜರಿದ್ದರು. ಮಾಸಿಕ ನಿರ್ವಹಣಾ ಶುಲ್ಕವನ್ನೂ ಸಿಂಕಿಂಗ್ ಫಂಡ್ ವಂತಿಗೆಯನ್ನೂ ಅಕ್ಟೋಬರ್ 1ರಿಂದ ಪರಿಷ್ಕರಿಸುವ ನಿರ್ಣಯಕ್ಕೆ 21 ಮಂದಿ ಒಪ್ಪಿಗೆ ನೀಡಿದರೆ, 6 ಮಂದಿ ವಿರೋಧ ವ್ಯಕ್ತಪಡಿಸಿದರು. ಸಭೆಗೆ ಬರಲಾಗದವರಿಗೂ, ಬೆಂಗಳೂರು, ಮೈಸೂರು ಅಥವಾ ಹೊರದೇಶದಲ್ಲಿರುವ ಮಾಲೀಕರಿಗೂ ಈ ಏರಿಕೆಯ ಕಾರಣ ಮತ್ತು ಲೆಕ್ಕ ತಿಳಿಯಬೇಕೆಂಬ ಉದ್ದೇಶದಿಂದ ಈ ಸೂಚನೆಯನ್ನು ಸ್ವಲ್ಪ ವಿವರವಾಗಿಯೇ ಬರೆಯಲಾಗಿದೆ.

ನಿರ್ವಹಣಾ ಶುಲ್ಕ ಇದುವರೆಗೆ ಚದರ ಅಡಿಗೆ 2.50 ರೂಪಾಯಿ ಇತ್ತು. ಇನ್ನು ಮುಂದೆ ಅದು 3.25 ರೂಪಾಯಿ ಆಗುತ್ತದೆ. ಸಿಂಕಿಂಗ್ ಫಂಡ್‌ಗೆ ಫ್ಲ್ಯಾಟ್ ಚಿಕ್ಕದಿರಲಿ ದೊಡ್ಡದಿರಲಿ ತಿಂಗಳಿಗೆ 200 ರೂಪಾಯಿ ಕೊಡುತ್ತಿದ್ದೆವು. ಅದರ ಬದಲು ಚದರ ಅಡಿಗೆ 75 ಪೈಸೆ ನಿಗದಿಯಾಗಿದೆ. ಎರಡೂ ಸೇರಿ ತಿಂಗಳಿಗೆ ಕಟ್ಟಬೇಕಾದ ಮೊತ್ತ ಹೀಗಿದೆ:

900 ಚದರ ಅಡಿಯ ಫ್ಲ್ಯಾಟ್: 2,925 + 675 = 3,600 ರೂ. (ಈಗ 2,450)
1,200 ಚದರ ಅಡಿಯ ಫ್ಲ್ಯಾಟ್: 3,900 + 900 = 4,800 ರೂ. (ಈಗ 3,200)
1,600 ಚದರ ಅಡಿಯ ಫ್ಲ್ಯಾಟ್: 5,200 + 1,200 = 6,400 ರೂ. (ಈಗ 4,200)

ಯಾವ ಫ್ಲ್ಯಾಟಿನ ಮೊತ್ತವೂ ತಿಂಗಳಿಗೆ 7,500 ರೂಪಾಯಿ ಮೀರದ ಕಾರಣ ಇದರ ಮೇಲೆ ಜಿಎಸ್‌ಟಿ ಬೀಳುವುದಿಲ್ಲ.

ಏರಿಕೆ ಸಣ್ಣದಲ್ಲ ಎಂಬುದು ಸಮಿತಿಗೂ ಗೊತ್ತು. ಆದರೆ ಹಳೆಯ ದರದಲ್ಲಿ ತಿಂಗಳಿಗೆ ಬರುತ್ತಿದ್ದುದು 1,07,000 ರೂಪಾಯಿ, 2024-25ರಲ್ಲಿ ತಿಂಗಳಿಗೆ ಸರಾಸರಿ ಆದ ಖರ್ಚು 1,21,400 ರೂಪಾಯಿ. ಕಾವಲುಗಾರರ ಏಜೆನ್ಸಿಯ ಹೊಸ ದರ ಮತ್ತು ಲಿಫ್ಟ್ ಒಪ್ಪಂದದ ನವೀಕರಣದಿಂದಾಗಿ ಈ ವರ್ಷ ಅದು 1,36,600 ರೂಪಾಯಿಗೆ ಏರುವ ಅಂದಾಜಿದೆ. ಅದರಲ್ಲಿ ಕಾವಲಿಗೆ 44,000, ಸ್ವಚ್ಛತೆಗೆ 24,000, ಮೇಲ್ವಿಚಾರಕರ ಸಂಬಳಕ್ಕೆ 12,000, ಸಾಮಾನ್ಯ ಬಳಕೆಯ ವಿದ್ಯುತ್ತಿಗೆ 17,500, ಜನರೇಟರ್ ಡೀಸೆಲ್‌ಗೆ 11,600, ಎರಡು ಲಿಫ್ಟ್‌ಗಳ ನಿರ್ವಹಣೆಗೆ 9,000, ಪಂಪ್, ಟ್ಯಾಂಕ್ ಮತ್ತು ಕೊಳಚೆ ನೀರಿನ ಶುದ್ಧೀಕರಣಕ್ಕೆ 9,500, ಚಿಲ್ಲರೆ ರಿಪೇರಿಗೆ 6,000, ವಿಮೆ ಹಾಗೂ ಲೆಕ್ಕಪರಿಶೋಧನೆಗೆ 3,000 ರೂಪಾಯಿ ಹೋಗುತ್ತದೆ.

ಡೀಸೆಲ್ ಖರ್ಚಿನ ಬಗ್ಗೆ ಸಭೆಯಲ್ಲಿ ಹೆಚ್ಚು ಪ್ರಶ್ನೆಗಳು ಬಂದವು. 11,600 ಎಂಬುದು ಹನ್ನೆರಡು ತಿಂಗಳಿಗೆ ಹಂಚಿದ ಸರಾಸರಿಯೇ ಹೊರತು ಪ್ರತಿ ತಿಂಗಳ ಬಿಲ್ಲಲ್ಲ. ಕಳೆದ ಜುಲೈಯಲ್ಲಿ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬಿದ್ದು ಕರೆಂಟು ಹೋದಾಗಲೆಲ್ಲ ಜನರೇಟರ್ ಓಡಿಸಿ, ತಿಂಗಳ ಕೊನೆಗೆ ಕಾವಲುಗಾರರ ದಾಖಲೆ ಪುಸ್ತಕದಲ್ಲಿ 148 ಗಂಟೆ ಬರೆದಿತ್ತು. ಗಂಟೆಗೆ ನಾಲ್ಕು ಲೀಟರಿನಂತೆ 592 ಲೀಟರ್ ಸುಟ್ಟು, ಆ ಒಂದೇ ತಿಂಗಳ ಬಿಲ್ಲು 53,000 ರೂಪಾಯಿ ದಾಟಿತು. ಫೆಬ್ರುವರಿಯಲ್ಲಿ ಇದೇ ಜನರೇಟರನ್ನು ಬ್ಯಾಟರಿ ಇಳಿಯದಿರಲೆಂದು ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸುತ್ತೇವೆ, ಅಷ್ಟೆ.

ಇನ್ನು ಸಮಿತಿ ಒಪ್ಪಿಕೊಳ್ಳಲೇಬೇಕಾದ ಒಂದು ತಪ್ಪು. ಕಳೆದ ವರ್ಷ ತಿಂಗಳಿಗೆ 14,400 ರೂಪಾಯಿಯಂತೆ ಬಿದ್ದ ಕೊರತೆ, ಅಂದರೆ ಒಟ್ಟು 1,72,800 ರೂಪಾಯಿಯನ್ನು, ಸಿಂಕಿಂಗ್ ಫಂಡ್‌ನಿಂದ ತೆಗೆದು ಸರಿದೂಗಿಸಲಾಯಿತು. ಕಟ್ಟಡದ ಆಯುಸ್ಸಿಗೆಂದು ಕೂಡಿಟ್ಟ ಹಣವನ್ನು ಡೀಸೆಲ್‌ಗೂ ಸಂಬಳಕ್ಕೂ ಬಳಸಬಾರದಿತ್ತು. ಶುಲ್ಕ ಏರಿಸುವ ಮಾತನ್ನು ಒಂದು ವರ್ಷ ಮುಂದೂಡಿದ್ದರ ಫಲ ಇದು. ಹೊಸ ದರದಲ್ಲಿ ನಿರ್ವಹಣೆಗೆ ಬರುವ 1,39,100 ರೂಪಾಯಿಯಲ್ಲಿ ತಿಂಗಳಿಗೆ ಉಳಿಯುವ 2,500 ರೂಪಾಯಿಯನ್ನು ಫಂಡ್‌ಗೆ ಹಿಂದಿರುಗಿಸುತ್ತಾ ಹೋಗಿ, ಆರು ವರ್ಷದೊಳಗೆ ಆ ಸಾಲ ತೀರಿಸಬೇಕೆಂದು ಸಭೆ ತೀರ್ಮಾನಿಸಿದೆ.

ಫಂಡ್‌ನಲ್ಲಿ ಈಗ ಇರುವುದು 5,90,000 ರೂಪಾಯಿ. ಹನ್ನೆರಡು ವರ್ಷದ ವಂತಿಗೆ 10,36,800, ಬಡ್ಡಿ 2,11,000; ಅದರಲ್ಲಿ ಮೇಲೆ ಹೇಳಿದ ಕೊರತೆಯ ಹಣದ ಜೊತೆಗೆ 2019ರಲ್ಲಿ ತಡೆಗೋಡೆಗೆ ಖರ್ಚಾದ 4,85,000 ಕಳೆಯಬೇಕು. 2018ರ ಆಗಸ್ಟ್ ಮಳೆಯನ್ನು ಇಲ್ಲಿ ಯಾರಿಗೂ ನೆನಪಿಸಬೇಕಿಲ್ಲ. ಆಗ ಹಿಂಬದಿಯ ಬರೆ ಕುಸಿಯದೆ ಉಳಿಯಿತಾದರೂ, ತಡೆಗೋಡೆಯಲ್ಲಿ ನೀರು ಹೊರಬರಲು ಇಟ್ಟ ಪೈಪುಗಳು ಮಣ್ಣಿನಿಂದ ಮುಚ್ಚಿಹೋಗಿ, ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆ ನಡುಮಟ್ಟದಲ್ಲಿ ಉಬ್ಬಿತ್ತು. ಆಗ ಫಂಡ್ ಇಲ್ಲದೇ ಹೋಗಿದ್ದರೆ ಪ್ರತಿ ಫ್ಲ್ಯಾಟಿನಿಂದ ಒಂದೇ ಸಲಕ್ಕೆ 13,000ಕ್ಕೂ ಹೆಚ್ಚು ವಸೂಲು ಮಾಡಬೇಕಾಗುತ್ತಿತ್ತು. ಆ ಪೈಪುಗಳನ್ನು ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಸರಳು ಹಾಕಿ ಬಿಡಿಸಲಾಗುತ್ತಿದೆ.

ಮುಂದಿನ ಎಂಟು ವರ್ಷಗಳಲ್ಲಿ ಎರಡೂ ಲಿಫ್ಟ್‌ಗಳ ಬದಲಾವಣೆಗೆ 26,00,000, ಚಾವಣಿಯ ಶೀಟು ಮತ್ತು ನೀರು ಸೋರದಂತೆ ಮಾಡುವ ಕೆಲಸಕ್ಕೆ 9,50,000, ಸಂಪು ಹಾಗೂ ಪೈಪ್‌ಲೈನಿಗೆ 3,50,000, ಒಟ್ಟು 39,00,000 ರೂಪಾಯಿ ಬೇಕಾಗುತ್ತದೆ. ಹೊಸ ವಂತಿಗೆಯಿಂದ ವರ್ಷಕ್ಕೆ 3,85,200 ರೂಪಾಯಿ ಸೇರುತ್ತದೆ. ಎಂಟು ವರ್ಷದ ಆ ಮೊತ್ತ, ಈಗಿನ ಶಿಲ್ಕು ಮತ್ತು ಹಿಂದಿರುಗಿಸುವ ಹಣ ಸೇರಿದರೆ 38,44,400 ಆಗುತ್ತದೆ, ಉಳಿದದ್ದನ್ನು ಬಡ್ಡಿ ತುಂಬುತ್ತದೆ. ಇದು ಇಂದಿನ ಬೆಲೆಯ ಲೆಕ್ಕವಾದ್ದರಿಂದ ಮೂರು ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕಾಗುತ್ತದೆ.

ಫಂಡ್‌ನ ಹಣ ಇನ್ನು ಪ್ರತ್ಯೇಕ ಖಾತೆಯಲ್ಲಿ ನಿಶ್ಚಿತ ಠೇವಣಿಯಾಗಿ ಇರುತ್ತದೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರ ಸಹಿಯೂ ಸರ್ವಸದಸ್ಯರ ಸಭೆಯ ನಿರ್ಣಯವೂ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಠೇವಣಿ ವಿಮೆಯ ಮಿತಿ ಒಂದು ಬ್ಯಾಂಕಿಗೆ 5 ಲಕ್ಷ ರೂಪಾಯಿ ಆಗಿರುವುದರಿಂದ ಮೊತ್ತವನ್ನು ಎರಡು ಬ್ಯಾಂಕುಗಳಲ್ಲಿ ಹಂಚಿ ಇಡಲಾಗುವುದು. ಫ್ಲ್ಯಾಟ್ ಮಾರುವಾಗ ಈ ವಂತಿಗೆ ವಾಪಸು ಸಿಗುವುದಿಲ್ಲ, ಅದು ಫ್ಲ್ಯಾಟಿನ ಜೊತೆಗೇ ಹೋಗುತ್ತದೆ.

ವಿರೋಧಿಸಿದವರ ಎರಡು ವಾದಗಳಿಗೆ ಇಲ್ಲಿ ಉತ್ತರಿಸುವುದು ನ್ಯಾಯ. ನೆಲಮಹಡಿಯವರು ತಾವು ಲಿಫ್ಟ್ ಹತ್ತುವುದೇ ಇಲ್ಲವೆಂದರು. ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿರುವ ಮನೆಗೆ ಪೂರ್ತಿ ಶುಲ್ಕ ಏಕೆಂದು ಹೊರಗಿರುವ ಮಾಲೀಕರೊಬ್ಬರು ಕೇಳಿದರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲವೆಂಬ ಕಾರಣಕ್ಕೆ ವಂತಿಗೆಯಿಂದ ವಿನಾಯಿತಿ ಇಲ್ಲ. ಅಲ್ಲದೆ ಮಳೆಗಾಲದಲ್ಲಿ ಬೀಗ ಹಾಕಿದ ಮನೆಯ ಗೋಡೆಯಲ್ಲಿ ಪಾಚಿ ಕಟ್ಟುವುದನ್ನು, ಬಾಲ್ಕನಿ ತೂತು ಮುಚ್ಚಿ ನೀರು ಒಳಗೆ ನುಗ್ಗುವುದನ್ನು ಮೊದಲು ನೋಡಿ ಫೋನ್ ಮಾಡುವವರು ನಮ್ಮ ಕಾವಲುಗಾರರೇ. ದಿನಬಾಡಿಗೆಗೆ ಕೊಡುವ ಫ್ಲ್ಯಾಟ್‌ಗಳಿಗೆ ಹೆಚ್ಚುವರಿ ಶುಲ್ಕ ವಿಧಿಸುವ ಸಲಹೆ ಬಂತಾದರೂ ಬೈಲಾ ತಿದ್ದುಪಡಿಯಾಗದೆ ಅದು ಸಾಧ್ಯವಿಲ್ಲ.

ಪ್ರತಿ ತಿಂಗಳ 10ರೊಳಗೆ ಎರಡೂ ಮೊತ್ತವನ್ನು ಸಂಘದ ಖಾತೆಗೆ ಒಟ್ಟಿಗೆ ಜಮಾ ಮಾಡಬೇಕು. ಫಂಡ್‌ನ ಪಾಲನ್ನು ಅದೇ ವಾರ ಖಜಾಂಚಿಯವರು ಪ್ರತ್ಯೇಕ ಖಾತೆಗೆ ವರ್ಗಾಯಿಸುತ್ತಾರೆ. ತಡವಾದರೆ ಬೈಲಾ ಪ್ರಕಾರ ವಾರ್ಷಿಕ ಶೇ. 12ರ ಬಡ್ಡಿ ಸೇರುತ್ತದೆ. ಸೆಪ್ಟೆಂಬರ್‌ವರೆಗಿನ ಬಾಕಿ ಹಳೆಯ ದರದಲ್ಲೇ ಇರುತ್ತದೆ. ಬಾಡಿಗೆದಾರರು ಕಟ್ಟಿದರೂ ಸಂಘಕ್ಕೆ ಹೊಣೆಗಾರರು ಮಾಲೀಕರೇ. ಕಾಫಿ ಮಾರಿದ ಮೇಲೆ ವರ್ಷದ್ದನ್ನು ಒಂದೇ ಸಲ ಕಟ್ಟುವ ಬೆಳೆಗಾರ ಸದಸ್ಯರು ಈ ಸಲ ಮಾರ್ಚ್‌ವರೆಗಿನ ಆರು ತಿಂಗಳದ್ದನ್ನು ತಿಂಗಳು ತಿಂಗಳೇ ಕಟ್ಟಿ, ಮಾರ್ಚ್‌ನಲ್ಲಿ ಮುಂದಿನ ವರ್ಷದ್ದನ್ನು ಮುಂಗಡವಾಗಿ ಕೊಡಬಹುದು. ಅದಕ್ಕೆ ರಿಯಾಯಿತಿ ಕೊಡಲು ಲೆಕ್ಕದಲ್ಲಿ ಜಾಗವಿಲ್ಲ.

ಲೆಕ್ಕಪರಿಶೋಧಕರ ವರದಿ, ಲಿಫ್ಟ್ ಮತ್ತು ಚಾವಣಿಯ ಅಂದಾಜುಪಟ್ಟಿಗಳು ಹಾಗೂ ಡೀಸೆಲ್ ದಾಖಲೆ ಪುಸ್ತಕ ಸೆಪ್ಟೆಂಬರ್ ತಿಂಗಳ ಎಲ್ಲ ಭಾನುವಾರ ಬೆಳಿಗ್ಗೆ 10ರಿಂದ 12ರವರೆಗೆ ಸಂಘದ ಕೊಠಡಿಯಲ್ಲಿ ಪರಿಶೀಲನೆಗೆ ಲಭ್ಯವಿರುತ್ತವೆ. ಚದರ ಅಡಿಯ ಲೆಕ್ಕದಲ್ಲಿ ವ್ಯತ್ಯಾಸ ಕಂಡವರು ಕ್ರಯಪತ್ರದ ಪ್ರತಿಯೊಂದಿಗೆ ಸೆಪ್ಟೆಂಬರ್ 20ರೊಳಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ.

ಕಾರ್ಯದರ್ಶಿ
ಕಾರ್ಯಕಾರಿ ಸಮಿತಿಯ ಪರವಾಗಿ