ಖಾತೆಗೆ ಬಂದ ದೊಡ್ಡ ಜಮೆಯ ಬಗ್ಗೆ ವಿವರಣೆ

ಸಾಲ ವಿಭಾಗದ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನನ್ನ ಖಾತೆಗೆ 2025ರ ಮಾರ್ಚ್ 14ರಂದು ಜಮೆಯಾದ 6,40,000 ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಅದು ನನ್ನ ಹಳೇ ಕಾರು ಮಾರಿದ ಹಣ. ಕೈಸಾಲ ಅಲ್ಲ, ಯಾರಿಗೂ ವಾಪಸ್ ಕೊಡಬೇಕಾಗಿಲ್ಲ.

ಮಾರಾಟದ ಒಪ್ಪಂದದಲ್ಲಿ 6,50,000 ಎಂದಿದೆ. 10,000 ಯಾಕೆ ಕಮ್ಮಿ ಅನ್ನಿಸಬಹುದು, ಅಲ್ವಾ? ಕಾರು ಕೊಂಡವರು ಅಷ್ಟನ್ನು ಮುಂಗಡವಾಗಿ ಮಾರ್ಚ್ 9ರಂದೇ ಕಳಿಸಿದ್ದರು. ಸ್ಟೇಟ್‌ಮೆಂಟಿನ ಹಿಂದಿನ ಪುಟದಲ್ಲಿ ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿದ್ದೇನೆ.

ಜೊತೆಗೆ ಲಗತ್ತಿಸಿರುವುದು: ಇಬ್ಬರೂ ಸಹಿ ಹಾಕಿದ ಒಪ್ಪಂದ, ನೋಂದಣಿ ಕೊಂಡವರ ಹೆಸರಿಗೆ ಬದಲಾದ ದಾಖಲೆ, ಎರಡೂ ಹಣ ವರ್ಗಾವಣೆಯ ರಸೀದಿ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸ್ಟೇಟ್‌ಮೆಂಟ್. ಎಲ್ಲವೂ ಜೆರಾಕ್ಸ್. ಮೂಲಪ್ರತಿ ಬೇಕಾದರೆ ಹೇಳಿ, ತಂದು ತೋರಿಸುತ್ತೇನೆ.

ಇಂತಿ ನಂಬುಗೆಯ,
ಗೃಹಸಾಲದ ಅರ್ಜಿದಾರೆ